ಡೆಮೊ ಸ್ಲೈಡ್‌ಗಳಿಂದ ರಿಲೀಸ್ ನೋಟ್ಸ್: ಯಾವುದು ಹೊಸದು, ಯಾವುದು ಸರಿಪಡಿಸಿದ್ದು

(ಮಾತಾಡಿದ್ದನ್ನೇ ಬರೆದು ಇಟ್ಟಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಸ್ಪ್ರಿಂಟ್ ಮುಗಿಯುತ್ತದೆ, ಡೆಮೊ ಆಗುತ್ತದೆ, ಆಮೇಲೆ ಯಾರೋ ಒಬ್ಬರು ಆ ಸ್ಲೈಡ್‌ಗಳ ಫೈಲನ್ನು ನಿಮಗೆ ಕಳಿಸಿ "ಇದರಿಂದ ಗ್ರಾಹಕರಿಗೆ ಒಂದು ರಿಲೀಸ್ ನೋಟ್ಸ್ ಮಾಡಿಬಿಡಿ" ಅನ್ನುತ್ತಾರೆ. ಸ್ಲೈಡ್‌ನಲ್ಲಿ ಎಲ್ಲ ಇದೆ, ಸ್ವಲ್ಪ ಭಾಷೆ ತಿದ್ದಿದರೆ ಸಾಕು ಅಂತ ಅನಿಸುತ್ತದೆ ಅಲ್ವಾ? ಆದರೆ ಡೆಮೊ ಸ್ಲೈಡ್ ಹೇಳುವುದು ತಂಡ ಈ ಎರಡು ವಾರ ಏನು ಮಾಡಿತು ಅಂತ. ಗ್ರಾಹಕರಿಗೆ ಬೇಕಾಗಿರುವುದು ನಿನ್ನೆ ತಮ್ಮ ಕೈಯಲ್ಲಿ ಇಲ್ಲದ್ದು ಇವತ್ತು ಏನಿದೆ ಅನ್ನೋದು. ಈ ಎರಡೂ ಒಂದೇ ಪಟ್ಟಿ ಅಲ್ಲ. ಇವತ್ತು ನಾನು ಹೇಳುವುದೆಲ್ಲ ಈ ವ್ಯತ್ಯಾಸದ ಬಗ್ಗೆಯೇ, ಅದರಲ್ಲೂ ಹೊಸ ಫೀಚರ್ ಮತ್ತು ಫಿಕ್ಸ್ ನಡುವೆ ಗೆರೆ ಎಲ್ಲಿ ಎಳೆಯಬೇಕು ಅನ್ನುವ ಬಗ್ಗೆ.

ಒಂದು ಉದಾಹರಣೆ ಇಟ್ಟುಕೊಂಡೇ ಹೋಗೋಣ. ಇದು ಇವತ್ತಿನ ಮಾತಿಗೆಂದೇ ಕಟ್ಟಿದ್ದು. ಇನ್‌ವಾಯ್ಸ್ ಮಾಡುವ ಒಂದು ವೆಬ್ ಸಾಫ್ಟ್‌ವೇರ್ ಇದೆ. ಈಗ ಗ್ರಾಹಕರ ಬಳಿ ಇರುವುದು 4.7, ಬಿಡುಗಡೆ ಆಗಬೇಕಾದ್ದು 4.8.0. ಡೆಮೊದಲ್ಲಿ 12 ಸ್ಲೈಡ್. ಮೊದಲನೆಯದು ಸ್ಪ್ರಿಂಟ್ ಗುರಿ, ಎರಡನೆಯದು ಬರ್ನ್‌ಡೌನ್ ಚಾರ್ಟ್, ಕೊನೆಯದು ಮುಂದಿನ ಸ್ಪ್ರಿಂಟ್‌ನ ಯೋಜನೆ. ಈ ಮೂರನ್ನೂ ತೆಗೆದು ಪಕ್ಕಕ್ಕಿಡಿ, ಯೋಚಿಸಲು ಏನೂ ಇಲ್ಲ. ಮುಂದಿನ ಸ್ಪ್ರಿಂಟ್‌ನ ಸ್ಲೈಡ್‌ನಿಂದ "ಶೀಘ್ರದಲ್ಲೇ ಬರಲಿದೆ" ಅಂತ ಒಂದು ಸಾಲು ಎತ್ತಿಕೊಳ್ಳುವ ಆಸೆ ಆಗುತ್ತದೆ. ಬೇಡ. ಯೋಜನೆ ಬದಲಾಗುತ್ತದೆ, ನೋಟ್ಸ್‌ನಲ್ಲಿ ಬರೆದದ್ದು ಮಾತು ಕೊಟ್ಟ ಹಾಗೆ ಉಳಿದುಬಿಡುತ್ತದೆ.

ಉಳಿದ ಒಂಬತ್ತರಲ್ಲಿ ಹೀಗಿದೆ. ಎರಡು ಸ್ಲೈಡ್ ಪೂರ್ತಿ ಹೊಸ ಫೀಚರ್‌ನದ್ದು: ಹಲವು ಇನ್‌ವಾಯ್ಸ್‌ಗಳನ್ನು ಒಟ್ಟಿಗೆ ಆರಿಸಿ ಒಂದೇ ಜಿಪ್ ಫೈಲ್ ಆಗಿ ಇಳಿಸಿಕೊಳ್ಳುವುದು. ಒಂದು ಹೊಸ ಡ್ಯಾಶ್‌ಬೋರ್ಡ್. ಒಂದು ಸಿಎಸ್‌ವಿ ಎಕ್ಸ್‌ಪೋರ್ಟ್‌ನಲ್ಲಿ ಅಕ್ಷರಗಳು ಕೆಟ್ಟುಹೋಗುವ ಬಗ್. ಒಂದು ಅಟ್ಯಾಚ್‌ಮೆಂಟ್ ಮಿತಿ 5 ಎಂಬಿಯಿಂದ 20 ಎಂಬಿಗೆ ಏರಿದ್ದು. ಒಂದು, ತೆರಿಗೆ ಇಲ್ಲದ ಇನ್‌ವಾಯ್ಸ್ ಉಳಿಸುವಾಗ ಪುಟ ಸಿಕ್ಕಿಹಾಕಿಕೊಳ್ಳುತ್ತಿದ್ದ ಬಗ್. ಒಂದು, ಒಟ್ಟಿಗೆ ಇಳಿಸುವಾಗ 200ಕ್ಕಿಂತ ಜಾಸ್ತಿ ಇನ್‌ವಾಯ್ಸ್ ಆರಿಸಿದರೆ ನಿಂತುಹೋಗುತ್ತಿದ್ದ ಬಗ್. ಒಂದು ಲೈಬ್ರರಿ ಅಪ್‌ಗ್ರೇಡ್. ಕೊನೆಯದಾಗಿ ಡೇಟಾಬೇಸ್‌ಗೆ ಒಂದು ಇಂಡೆಕ್ಸ್ ಹಾಕಿ ವಾರ್ಷಿಕ ವರದಿಯನ್ನು ವೇಗ ಮಾಡಿದ್ದು.

ಜಿರಾದಲ್ಲಿ ನೋಡಿದರೆ ಇವುಗಳಲ್ಲಿ ಕೆಲವಕ್ಕೆ ಸ್ಟೋರಿ ಅಂತ ಇದೆ, ಕೆಲವಕ್ಕೆ ಬಗ್ ಅಂತ ಇದೆ, ಕೆಲವಕ್ಕೆ ಟಾಸ್ಕ್ ಅಂತ ಇದೆ. ಸುಮ್ನೆ ಸ್ಟೋರಿ ಎಲ್ಲ "ಹೊಸದು", ಬಗ್ ಎಲ್ಲ "ಸರಿಪಡಿಸಿದ್ದು" ಅಂತ ಹಾಕಿದರೆ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ನೋಟ್ಸ್ ತಪ್ಪಾಗುತ್ತದೆ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಗೆರೆ ಎಳೆಯುವ ಮುಂಚೆ ಇನ್ನೊಂದು ಕೆಲಸ ಇದೆ. ಸ್ಲೈಡ್‌ನಲ್ಲಿ ತೋರಿಸಿದ್ದು ನಿಜವಾಗಿ ಈ ಬಿಡುಗಡೆಯಲ್ಲಿ ಇದೆಯಾ? ಡೆಮೊ ನಡೆಯುವುದು ಸಾಮಾನ್ಯವಾಗಿ ಸ್ಟೇಜಿಂಗ್‌ನಲ್ಲಿ, ಕೆಲವೊಮ್ಮೆ ಡೆವಲಪರ್‌ನ ಸ್ವಂತ ಲ್ಯಾಪ್‌ಟಾಪ್‌ನಲ್ಲಿ. ಅಲ್ಲಿ ಕಂಡದ್ದು ಮುಖ್ಯ ಬ್ರಾಂಚ್‌ಗೆ ಸೇರಿರಬೇಕು ಅಂತೇನಿಲ್ಲ. ಸೇರಿದ್ದರೂ ರಿಲೀಸ್ ಬ್ರಾಂಚ್ ಅದಕ್ಕಿಂತ ಮೊದಲೇ ಕವಲೊಡೆದಿರಬಹುದು. ಹಾಗಾಗಿ ಪ್ರತಿ ಸ್ಲೈಡ್‌ನ ಟಿಕೆಟ್ ನಂಬರ್ ತೆಗೆದುಕೊಂಡು ಗಿಟ್‌ನಲ್ಲೇ ಕೇಳಿಬಿಡಿ:

```
git log --oneline v4.7.0..v4.8.0 --grep="INV-412"
```

4.8.0ರಲ್ಲಿ ಇದ್ದು 4.7.0ರಲ್ಲಿ ಇಲ್ಲದ ಕಮಿಟ್‌ಗಳಲ್ಲಿ ಆ ನಂಬರ್ ಇರುವುದನ್ನು ಇದು ತೋರಿಸುತ್ತದೆ. ಏನೂ ಬರದಿದ್ದರೆ ಎರಡರಲ್ಲಿ ಒಂದು: ಕೆಲಸ ಈ ಬಿಡುಗಡೆಗೆ ಸೇರಿಲ್ಲ, ಇಲ್ಲವೇ ಕಮಿಟ್ ಬರೆದವರು ಟಿಕೆಟ್ ನಂಬರ್ ಹಾಕಿಲ್ಲ. ಯಾವುದು ಅಂತ ಡೆವಲಪರ್ ಹತ್ತಿರ ಕೇಳಿಯೇ ತಿಳಿಯಬೇಕು. ಟ್ಯಾಗ್ ಇನ್ನೂ ಹಾಕಿಲ್ಲ ಅಂದರೆ ಅದರ ಜಾಗದಲ್ಲಿ ರಿಲೀಸ್ ಬ್ರಾಂಚ್‌ನ ಹೆಸರು ಕೊಟ್ಟರಾಯಿತು.

ನಮ್ಮ ಉದಾಹರಣೆಯಲ್ಲಿ ತೆರಿಗೆ ಇಲ್ಲದ ಇನ್‌ವಾಯ್ಸ್‌ನ ಬಗ್ ಇಲ್ಲಿ ಒಂದು ಆಟ ಆಡಿಸುತ್ತದೆ. ಮೇಲಿನ ಕಮಾಂಡ್ ಕೊಟ್ಟರೆ ಆ ಕಮಿಟ್ ಸಿಗುತ್ತದೆ, ಸರಿ ಬಿಡು ಅಂತ "ಸರಿಪಡಿಸಿದ್ದು" ಕೆಳಗೆ ಬರೆಯುತ್ತೀರಿ. ಆದರೆ ಆ ಬಗ್ ಗ್ರಾಹಕರಿಗೆ ತುಂಬಾ ಕಾಟ ಕೊಡುತ್ತಿತ್ತು, ಅದಕ್ಕೇ ತಂಡ ಸ್ಪ್ರಿಂಟ್ ಮಧ್ಯದಲ್ಲೇ ಅದೊಂದನ್ನು ಚೆರಿ-ಪಿಕ್ ಮಾಡಿ 4.7.1 ಅಂತ ಹಾಟ್‌ಫಿಕ್ಸ್ ಕಳಿಸಿಬಿಟ್ಟಿದೆ. ಚೆರಿ-ಪಿಕ್ ಮಾಡಿದಾಗ ಹೊಸ ಹ್ಯಾಶ್ ಇರುವ ಬೇರೆ ಕಮಿಟ್ ಹುಟ್ಟುತ್ತದೆ. ಹಾಗಾಗಿ ಮೂಲ ಕಮಿಟ್‌ನ ಹ್ಯಾಶ್ ಹಿಡಿದು `git tag --contains` ಕೇಳಿದರೂ 4.7.1 ಕಾಣುವುದಿಲ್ಲ. ಹ್ಯಾಶ್ ಬಿಟ್ಟು ಟಿಕೆಟ್ ನಂಬರ್ ಹಿಡಿದು `v4.7.0..v4.7.1` ನಡುವೆಯೂ ಒಮ್ಮೆ ಹುಡುಕಿದರೆ ಸಿಕ್ಕಿಬೀಳುತ್ತದೆ. ಗ್ರಾಹಕರ ಲೆಕ್ಕದಲ್ಲಿ ಅದು ಆಗಲೇ ಸರಿಹೋಗಿದೆ. 4.8.0ರ ನೋಟ್ಸ್‌ನಲ್ಲಿ ಮತ್ತೆ ಬರೆದರೆ ಓದಿದವರು "ಅಂದರೆ 4.7.1ರಲ್ಲಿ ಸರಿ ಆಗಿರಲಿಲ್ಲವಾ?" ಅಂತ ಸಪೋರ್ಟ್‌ಗೆ ಪತ್ರ ಹಾಕುತ್ತಾರೆ. ಹಾಟ್‌ಫಿಕ್ಸ್‌ಗೆ ಅದರದ್ದೇ ನೋಟ್ಸ್ ಇರಬೇಕು, ಇಲ್ಲಿ ಅದು ಬೇಡ.

ಈಗ ಗೆರೆಯ ವಿಷಯ. ನಾನು ಬಳಸುವ ಪರೀಕ್ಷೆ ಒಂದೇ: ಇದು ಹೀಗೆ ಕೆಲಸ ಮಾಡುತ್ತದೆ ಅಂತ ನಾವು ಗ್ರಾಹಕರಿಗೆ ಮೊದಲೇ ಹೇಳಿದ್ದೆವಾ? ಹೇಳಿದ್ದೆವು, ಆದರೆ ಹಾಗೆ ಆಗುತ್ತಿರಲಿಲ್ಲ ಅಂದರೆ ಅದು ಫಿಕ್ಸ್. ಹೇಳಿರಲೇ ಇಲ್ಲ, ಈಗ ಮೊದಲ ಸಲ ಸಾಧ್ಯವಾಗಿದೆ ಅಂದರೆ ಅದು ಹೊಸದು. ಹೇಳಿದ್ದು ಒಂದು ರೀತಿ, ಅದು ಹಾಗೇ ನಡೆಯುತ್ತಲೂ ಇತ್ತು, ಈಗ ಬೇರೆ ರೀತಿ ನಡೆಯುತ್ತದೆ ಅಂದರೆ ಅದು ಬದಲಾವಣೆ. ಕೋಡ್‌ನಲ್ಲಿ ಎಷ್ಟು ಕೆಲಸ ಆಯಿತು ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಅಟ್ಯಾಚ್‌ಮೆಂಟ್ ಮಿತಿ ನೋಡಿ. ಕೋಡ್‌ನಲ್ಲಿ ಬದಲಾದದ್ದು ಒಂದು ಸಂಖ್ಯೆ, 5 ಇದ್ದದ್ದು 20 ಆಯಿತು. ಟಿಕೆಟ್ ಬಗ್ ಅಂತ ಬಂದಿದೆ, ಯಾಕೆಂದರೆ ಒಬ್ಬ ಗ್ರಾಹಕರು "8 ಎಂಬಿ ಫೈಲ್ ಹೋಗುತ್ತಿಲ್ಲ" ಅಂತ ದೂರು ಕೊಟ್ಟಿದ್ದರು. ಈಗ ಹೆಲ್ಪ್ ಪುಟ ತೆರೆಯಿರಿ. ಅಲ್ಲಿ "20 ಎಂಬಿವರೆಗೆ" ಅಂತ ಮೊದಲೇ ಬರೆದಿದ್ದರೆ ಇದು ಶುದ್ಧ ಫಿಕ್ಸ್, ನಾವು ಹೇಳಿದ ಮಾತು ನಡೆಯುತ್ತಿರಲಿಲ್ಲ. "5 ಎಂಬಿವರೆಗೆ" ಅಂತಿದ್ದರೆ ಅದು ಬಗ್ ಆಗಿರಲೇ ಇಲ್ಲ, ಸಾಫ್ಟ್‌ವೇರ್ ಹೇಳಿದ ಹಾಗೇ ನಡೆಯುತ್ತಿತ್ತು, ಈಗ ಮಿತಿ ಏರಿದೆ. ಅದನ್ನು ಫಿಕ್ಸ್ ಅಂತ ಹಾಕಿದರೆ ಎರಡು ನಷ್ಟ. ಇದು ತಪ್ಪಾಗಿತ್ತು ಅಂತ ಸುಮ್ಮನೆ ಒಪ್ಪಿಕೊಂಡ ಹಾಗಾಗುತ್ತದೆ. ಜೊತೆಗೆ ಮಿತಿ ಏರಿದ್ದು ಬೇಕಾಗಿದ್ದವರ ಕಣ್ಣಿಗೇ ಬೀಳುವುದಿಲ್ಲ, ಯಾಕೆಂದರೆ ಫಿಕ್ಸ್‌ಗಳ ಪಟ್ಟಿಯನ್ನು ಜನ ಓದುವುದು ತಮಗೆ ಗೊತ್ತಿರುವ ತೊಂದರೆಯನ್ನು ಹುಡುಕಲು ಮಾತ್ರ. ಅದೇ ಒಂದು ಸಾಲಿನ ಕೋಡ್, ಹೆಲ್ಪ್ ಪುಟದಲ್ಲಿ ಏನಿತ್ತು ಅನ್ನುವುದರ ಮೇಲೆ ಎರಡು ಬೇರೆ ಶೀರ್ಷಿಕೆ. ನಮ್ಮ ಉದಾಹರಣೆಯಲ್ಲಿ 5 ಅಂತಲೇ ಇತ್ತು, ಹಾಗಾಗಿ ಅದು "ಬದಲಾಗಿದೆ" ಕೆಳಗೆ.

ಇಲ್ಲಿ ಒಬ್ಬರು ಕೇಳಿದರು: ಹೆಲ್ಪ್ ಪುಟದಲ್ಲಿ ಏನೂ ಬರೆದಿಲ್ಲದಿದ್ದರೆ? ಆಗ ಪರದೆಯೇ ಏನು ಹೇಳುತ್ತಿತ್ತು ನೋಡಿ. "ಫೈಲ್ 5 ಎಂಬಿಗಿಂತ ದೊಡ್ಡದಿದೆ" ಅಂತ ಸ್ಪಷ್ಟವಾಗಿ ತಡೆಯುತ್ತಿದ್ದರೆ ಅದೂ ನಾವು ಹೇಳಿದ ಮಾತೇ. ಏನೂ ಹೇಳದೆ ಸುಮ್ಮನೆ ಸುತ್ತುತ್ತಾ ನಿಲ್ಲುತ್ತಿತ್ತು ಅಂದರೆ ಅದು ಫಿಕ್ಸ್ ಆಗಬೇಕಾದ ವಿಷಯ. ಎರಡೂ ಇಲ್ಲದಿದ್ದರೆ ಹಳೆಯ ರಿಲೀಸ್ ನೋಟ್ಸ್ ಇದೆ, ಮಾರಾಟದವರು ಕೊಟ್ಟ ಕಾಗದ ಇದೆ, ಅವನ್ನೂ ನೋಡಿ.

ಅದೇ ಪರೀಕ್ಷೆಯನ್ನು 200 ಇನ್‌ವಾಯ್ಸ್‌ನ ಬಗ್‌ಗೆ ಹಾಕಿ. ಒಟ್ಟಿಗೆ ಇಳಿಸುವ ಫೀಚರ್ ಹುಟ್ಟಿದ್ದೇ ಈ ಸ್ಪ್ರಿಂಟ್‌ನಲ್ಲಿ. ಬಗ್ ಹುಟ್ಟಿದ್ದೂ ಇಲ್ಲೇ, ಸತ್ತದ್ದೂ ಇಲ್ಲೇ. ಯಾವ ಗ್ರಾಹಕರೂ ಅದನ್ನು ನೋಡಿಲ್ಲ. ಟೆಸ್ಟಿಂಗ್‌ನವರು ಅದನ್ನು ಹಿಡಿಯಲು ಕಷ್ಟಪಟ್ಟಿದ್ದಾರೆ, ಡೆಮೊದಲ್ಲಿ ಅದಕ್ಕೊಂದು ಸ್ಲೈಡ್ ಸಿಕ್ಕಿದ್ದು ನ್ಯಾಯವೇ. ನೋಟ್ಸ್‌ನಲ್ಲಿ ಮಾತ್ರ ಅದಕ್ಕೆ ಜಾಗ ಇಲ್ಲ. ಆದರೆ ಸ್ಲೈಡನ್ನು ಎಸೆಯುವ ಮುಂಚೆ ಒಂದು ಪ್ರಶ್ನೆ ಕೇಳಿ: ಹೇಗೆ ಸರಿಪಡಿಸಿದಿರಿ? ಬರುವ ಉತ್ತರ "500 ಇನ್‌ವಾಯ್ಸ್‌ವರೆಗೆ ಆರಿಸಲು ಬಿಡುತ್ತೇವೆ, ಅದಕ್ಕಿಂತ ಜಾಸ್ತಿ ಆದರೆ ತಡೆಯುತ್ತೇವೆ" ಅಂತ ಆಗಿದ್ದರೆ, ಆ 500 ಅನ್ನುವುದು ಹೊಸ ಫೀಚರ್‌ನ ವಿವರದಲ್ಲಿ ಬರಲೇಬೇಕು. ಫಿಕ್ಸ್ ಆಗಿ ಹೋದ ಸ್ಲೈಡ್ ಫೀಚರ್‌ನ ಮಿತಿಯಾಗಿ ವಾಪಸ್ ಬಂತು. ಇಂಥದ್ದು ತುಂಬಾ ಸಲ ಆಗುತ್ತದೆ. ಡೆಮೊದಲ್ಲಿ ಫೀಚರ್‌ನ ಚಂದದ ದಾರಿ ಮಾತ್ರ ತೋರಿಸುತ್ತಾರೆ, ಅದರ ಮಿತಿಗಳು ಬಗ್ ಸ್ಲೈಡ್‌ಗಳ ಒಳಗೆ ಅಡಗಿರುತ್ತವೆ.

ಲೈಬ್ರರಿ ಅಪ್‌ಗ್ರೇಡ್ ಗ್ರಾಹಕರಿಗೆ ಕಾಣುವುದಿಲ್ಲ, ಬಿಟ್ಟುಬಿಡಿ. ಆದರೆ ಅದು ಭದ್ರತೆಯ ತೂತು ಮುಚ್ಚಲು ಮಾಡಿದ್ದಾದರೆ ಬಿಡುವಂತಿಲ್ಲ. ಅದನ್ನು ಯಾವಾಗ, ಎಷ್ಟು ವಿವರವಾಗಿ ಬರೆಯಬೇಕು ಅನ್ನುವುದನ್ನು ಭದ್ರತೆ ನೋಡಿಕೊಳ್ಳುವವರ ಜೊತೆ ಕೂತು ತೀರ್ಮಾನಿಸಿ. ಇನ್ನು ವಾರ್ಷಿಕ ವರದಿಯ ವೇಗ. ಸ್ಲೈಡ್‌ನಲ್ಲಿ "14 ಸೆಕೆಂಡ್‌ನಿಂದ 3 ಸೆಕೆಂಡ್" ಅಂತ ದೊಡ್ಡ ಅಕ್ಷರದಲ್ಲಿದೆ. ಅದು ಸ್ಟೇಜಿಂಗ್‌ನ ಡೇಟಾ ಮೇಲೆ ಅಳೆದದ್ದು. ಗ್ರಾಹಕರ ಡೇಟಾ ಅದಲ್ಲ. "ಹಲವು ವರ್ಷದ ಇನ್‌ವಾಯ್ಸ್ ಇರುವ ಖಾತೆಗಳಲ್ಲಿ ವಾರ್ಷಿಕ ವರದಿ ಮೊದಲಿಗಿಂತ ಬೇಗ ತೆರೆಯುತ್ತದೆ" ಅಂತ ಬರೆದರೆ ಸಾಕು, ಸಂಖ್ಯೆ ಬೇಡ.

ಈಗ ಸಿಎಸ್‌ವಿ ಬಗ್‌ಗೆ ಬರುತ್ತೇನೆ. ಇಡೀ ಉದಾಹರಣೆಯಲ್ಲಿ ನನಗೆ ಹೆಚ್ಚು ಮುಖ್ಯ ಅನಿಸುವುದು ಇದೇ, ಯಾಕೆಂದರೆ ನೋಡಲು ಇದರಷ್ಟು ಸರಳವಾದ ಫಿಕ್ಸ್ ಇಲ್ಲ. ಸ್ಲೈಡ್‌ನಲ್ಲಿ ಒಂದೇ ಸಾಲು: "ಸಿಎಸ್‌ವಿ ಎನ್‌ಕೋಡಿಂಗ್ ಸಮಸ್ಯೆ ಬಗೆಹರಿದಿದೆ". ತೊಂದರೆ ಏನಿತ್ತು ಅಂದರೆ, ಎಕ್ಸ್‌ಪೋರ್ಟ್ ಆದ ಫೈಲ್ ಯುಟಿಎಫ್-8ರಲ್ಲೇ ಇರುತ್ತಿತ್ತು, ಫೈಲ್‌ನಲ್ಲಿ ಏನೂ ತಪ್ಪಿರಲಿಲ್ಲ. ಆದರೆ ವಿಂಡೋಸ್‌ನಲ್ಲಿ ಅದನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದಾಗ, ಫೈಲ್‌ನ ಆರಂಭದಲ್ಲಿ ಯುಟಿಎಫ್-8 ಅಂತ ಹೇಳುವ ಗುರುತು ಇಲ್ಲದೇ ಇದ್ದರೆ ಎಕ್ಸೆಲ್ ಕಂಪ್ಯೂಟರ್‌ನ ಹಳೆಯ ಕೋಡ್ ಪೇಜ್ ಪ್ರಕಾರ ಓದಿಬಿಡುತ್ತಿತ್ತು. ಇಂಗ್ಲಿಷ್ ಅಕ್ಷರ ಬಿಟ್ಟು ಉಳಿದ ಹೆಸರುಗಳೆಲ್ಲ ವಿಚಿತ್ರ ಚಿಹ್ನೆಗಳಾಗಿ ಕಾಣುತ್ತಿದ್ದವು. ಡೆವಲಪರ್ ಏನು ಮಾಡಿದರು? ಫೈಲ್‌ನ ಮೊದಲಿಗೆ ಆ ಗುರುತನ್ನು, ಅಂದರೆ ಬಿಒಎಂ ಅಂತ ಕರೆಯುವ ಮೂರು ಬೈಟ್‌ಗಳನ್ನು, `EF BB BF`, ಸೇರಿಸಿದರು. ಎಕ್ಸೆಲ್ ಅದನ್ನು ನೋಡಿ ಸರಿಯಾಗಿ ತೆರೆಯುತ್ತದೆ. ಡೆಮೊದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಪ್ರತಿ ಫಿಕ್ಸ್ ಬಗ್ಗೆಯೂ ಡೆವಲಪರ್‌ಗೆ ನಾನು ಕೇಳುವ ಪ್ರಶ್ನೆ ಒಂದಿದೆ: ಈ ತೊಂದರೆಯೇ ಇಲ್ಲದಿದ್ದವರಿಗೆ ಏನು ಬದಲಾಗುತ್ತದೆ? ತೊಂದರೆ ಇದ್ದವರಿಗೆ ಏನಾಗುತ್ತದೆ ಅಂತ ಸ್ಲೈಡ್ ಹೇಳುತ್ತದೆ. ಉಳಿದವರ ಬಗ್ಗೆ ಅದು ಮಾತೇ ಆಡುವುದಿಲ್ಲ. ಇಲ್ಲಿ ಕೇಳಿದರೆ ಡೆವಲಪರ್ ಒಂದು ಕ್ಷಣ ಯೋಚಿಸಿ ಹೇಳುತ್ತಾರೆ, "ಫೈಲ್ ಶುರುವಿನಲ್ಲಿ ಮೂರು ಬೈಟ್ ಜಾಸ್ತಿ ಬರುತ್ತದೆ, ಅಷ್ಟೇ." ಅಷ್ಟೇ ಅಲ್ಲ! ಕೆಲವು ಗ್ರಾಹಕರು ಈ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆಯುವುದೇ ಇಲ್ಲ. ದಿನಾ ರಾತ್ರಿ ಒಂದು ಸ್ಕ್ರಿಪ್ಟ್ ಅದನ್ನು ಓದಿ ತಮ್ಮ ಲೆಕ್ಕದ ಸಾಫ್ಟ್‌ವೇರ್‌ಗೆ ಹಾಕುತ್ತದೆ. ಆ ಸ್ಕ್ರಿಪ್ಟ್ ಪೈಥಾನ್‌ನಲ್ಲಿ `utf-8` ಅಂತ ಹೇಳಿ ಫೈಲ್ ತೆರೆಯುತ್ತಿದ್ದರೆ ಆ ಗುರುತು ಮೊದಲ ಕಾಲಮ್‌ನ ಹೆಸರಿಗೆ ಅಂಟಿಕೊಳ್ಳುತ್ತದೆ. `Invoice No` ಇದ್ದದ್ದು `\ufeffInvoice No` ಆಗುತ್ತದೆ. ಪರದೆ ಮೇಲೆ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಹೆಸರಿನಿಂದ ಕಾಲಮ್ ಹುಡುಕುವ ಸ್ಕ್ರಿಪ್ಟ್‌ಗೆ ಕಾಲಮ್ ಸಿಗುವುದಿಲ್ಲ. ನಿನ್ನೆವರೆಗೆ ಸರಿಯಾಗಿದ್ದದ್ದು ಇವತ್ತು ನಿಲ್ಲುತ್ತದೆ. ಅವರು ನೋಟ್ಸ್ ತೆರೆದು ನೋಡಿದರೆ "ಸರಿಪಡಿಸಿದ್ದು: ಸಿಎಸ್‌ವಿ ಎನ್‌ಕೋಡಿಂಗ್" ಅಂತ ಇರುತ್ತದೆ. ಅದು ತಮಗೆ ಸಂಬಂಧಪಟ್ಟದ್ದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಅದಕ್ಕೇ "ಹೊಸದು" ಮತ್ತು "ಸರಿಪಡಿಸಿದ್ದು" ಅಂತ ಎರಡೇ ಡಬ್ಬಿ ಸಾಲುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕೀಪ್ ಎ ಚೇಂಜ್‌ಲಾಗ್ ಅನ್ನುವ ಪದ್ಧತಿಯಲ್ಲಿ ಆರು ಶೀರ್ಷಿಕೆಗಳಿವೆ: ಸೇರಿಸಿದ್ದು, ಬದಲಾಗಿದ್ದು, ಮುಂದೆ ತೆಗೆಯಲಿರುವುದು, ತೆಗೆದದ್ದು, ಸರಿಪಡಿಸಿದ್ದು, ಭದ್ರತೆ. ಸಾಮಾನ್ಯ ಗ್ರಾಹಕರಿಗೆ ಅಷ್ಟೂ ಬೇಕಾಗುವುದಿಲ್ಲ. ಆದರೆ "ಬದಲಾಗಿದೆ" ಅನ್ನುವುದು ಬೇಕೇ ಬೇಕು, ಅದರಲ್ಲೂ ಗ್ರಾಹಕರು ಏನಾದರೂ ಮಾಡಬೇಕಾಗಿ ಬರುವಂಥ ಬದಲಾವಣೆ ಪುಟದ ಎಲ್ಲಕ್ಕಿಂತ ಮೇಲೆ, ಹೊಸ ಫೀಚರ್‌ಗಿಂತಲೂ ಮೇಲೆ ಇರಬೇಕು. ಸಿಎಸ್‌ವಿ ಎರಡು ಕಡೆ ಬರುತ್ತದೆ. ತೊಂದರೆ ಇದ್ದವರಿಗಾಗಿ "ಸರಿಪಡಿಸಿದ್ದು" ಕೆಳಗೆ, ತೊಂದರೆ ಇಲ್ಲದಿದ್ದವರಿಗಾಗಿ ಎಲ್ಲಕ್ಕಿಂತ ಮೇಲೆ, ಗಮನಿಸಬೇಕಾದ ಬದಲಾವಣೆಯಾಗಿ. ಒಂದೇ ವಿಷಯ ಎರಡು ಸಲ ಬರೆದ ಹಾಗಾಯಿತಲ್ಲ ಅನಿಸಬಹುದು. ಓದುವವರು ಬೇರೆ ಬೇರೆ, ಹಾಗಾಗಿ ಪರವಾಗಿಲ್ಲ.

ಫಿಕ್ಸ್ ಸಾಲು ಬರೆಯುವ ರೀತಿ ಬಗ್ಗೆಯೂ ಹೇಳಬೇಕು. ಸ್ಲೈಡ್ ಕಾರಣದಿಂದ ಶುರುವಾಗುತ್ತದೆ, ಯಾಕೆಂದರೆ ತಂಡ ಕಷ್ಟಪಟ್ಟು ಹುಡುಕಿದ್ದು ಕಾರಣವನ್ನು. ಗ್ರಾಹಕರಿಗೆ ಗೊತ್ತಿರುವುದು ಲಕ್ಷಣ ಮಾತ್ರ. ಹಾಗಾಗಿ ಯಾವಾಗ ಆಗುತ್ತಿತ್ತು, ಏನು ಕಾಣುತ್ತಿತ್ತು, ಈಗ ಏನಾಗುತ್ತದೆ, ಈ ಕ್ರಮದಲ್ಲಿ ಬರೆಯಿರಿ. ಲಕ್ಷಣದ ಮಾತುಗಳನ್ನು ಸಪೋರ್ಟ್‌ಗೆ ಬಂದ ದೂರುಗಳಿಂದಲೇ ತೆಗೆದುಕೊಳ್ಳಿ. ದೂರು ಕೊಟ್ಟವರು "ಹೆಸರುಗಳು ಚಿಹ್ನೆಗಳಾಗಿ ಕಾಣುತ್ತಿವೆ" ಅಂತ ಬರೆದಿದ್ದರೆ ನೀವೂ ಹಾಗೇ ಬರೆಯಿರಿ, "ಎನ್‌ಕೋಡಿಂಗ್" ಅಂತ ಬರೆದರೆ ಅವರಿಗೆ ಅದು ತಮ್ಮ ತೊಂದರೆ ಅಂತ ಗೊತ್ತಾಗುವುದಿಲ್ಲ. ಇದರ ಜೊತೆ ಇನ್ನೊಂದು ಪ್ರಶ್ನೆಗೆ ಉತ್ತರ ಇರಬೇಕು: ಆಗಲೇ ಕೆಟ್ಟದ್ದು ಏನಾಯಿತು? ಕೋಡ್ ಸರಿ ಮಾಡಿದರೆ ಡೇಟಾ ತಾನಾಗಿ ಸರಿಹೋಗುವುದಿಲ್ಲ. ಯಾರಾದರೂ ಆ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದು, ಉಳಿಸಿ, ಮತ್ತೆ ನಮ್ಮ ಸಾಫ್ಟ್‌ವೇರ್‌ಗೇ ಇಂಪೋರ್ಟ್ ಮಾಡಿದ್ದರೆ ಕೆಟ್ಟ ಹೆಸರುಗಳು ಒಳಗೆ ಸೇರಿಹೋಗಿವೆ. ಅದನ್ನು ಹೇಳದೇ ಬಿಟ್ಟರೆ "ಸರಿಯಾಗಿದೆ ಅಂದಿರಿ, ನಮಗೆ ಇನ್ನೂ ಹಾಗೇ ಕಾಣುತ್ತಿದೆ" ಅನ್ನುವ ಪತ್ರಗಳು ಶುರುವಾಗುತ್ತವೆ.

ಇಷ್ಟೆಲ್ಲ ಆದ ಮೇಲೆ 12 ಸ್ಲೈಡ್‌ಗಳು ಈ ರೂಪಕ್ಕೆ ಬರುತ್ತವೆ:

ನೀವು ಗಮನಿಸಬೇಕಾದ ಬದಲಾವಣೆ
ಸಿಎಸ್‌ವಿ ಫೈಲ್‌ಗಳ ಆರಂಭದಲ್ಲಿ ಇನ್ನು ಮುಂದೆ ಯುಟಿಎಫ್-8 ಗುರುತು ಇರುತ್ತದೆ. ಈ ಫೈಲನ್ನು ಸ್ಕ್ರಿಪ್ಟ್ ಮೂಲಕ ಓದುತ್ತಿದ್ದರೆ ಮೊದಲ ಕಾಲಮ್‌ನ ಹೆಸರು ಸರಿಯಾಗಿ ಸಿಗುತ್ತಿದೆಯೇ ಎಂದು ನೋಡಿಕೊಳ್ಳಿ. ಪೈಥಾನ್ ಬಳಸುವವರು ಫೈಲ್ ತೆರೆಯುವಾಗ `utf-8-sig` ಎಂದು ಕೊಟ್ಟರೆ ಸಾಕು.

ಹೊಸದು
ಹಲವು ಇನ್‌ವಾಯ್ಸ್‌ಗಳನ್ನು ಆರಿಸಿ ಒಂದೇ ಜಿಪ್ ಫೈಲ್ ಆಗಿ ಇಳಿಸಿಕೊಳ್ಳಬಹುದು. ಒಂದು ಸಲಕ್ಕೆ 500ರವರೆಗೆ ಆರಿಸಬಹುದು.

ಬದಲಾಗಿದೆ
ಇನ್‌ವಾಯ್ಸ್‌ಗೆ ಲಗತ್ತಿಸುವ ಫೈಲ್ ಈಗ 20 ಎಂಬಿವರೆಗೆ ಇರಬಹುದು, ಮೊದಲು 5 ಎಂಬಿ ಇತ್ತು. ಹಲವು ವರ್ಷದ ಇನ್‌ವಾಯ್ಸ್ ಇರುವ ಖಾತೆಗಳಲ್ಲಿ ವಾರ್ಷಿಕ ವರದಿ ಬೇಗ ತೆರೆಯುತ್ತದೆ.

ಸರಿಪಡಿಸಿದ್ದು
ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದಾಗ ಇಂಗ್ಲಿಷ್ ಅಲ್ಲದ ಹೆಸರುಗಳು ಚಿಹ್ನೆಗಳಾಗಿ ಕಾಣುತ್ತಿದ್ದವು, ಈಗ ಸರಿಯಾಗಿ ಕಾಣುತ್ತವೆ. ಹಿಂದೆ ಇಳಿಸಿಕೊಂಡ ಫೈಲ್‌ಗಳು ಬದಲಾಗುವುದಿಲ್ಲ, ಮತ್ತೆ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಅಂಥ ಫೈಲನ್ನು ಎಕ್ಸೆಲ್‌ನಲ್ಲಿ ಉಳಿಸಿ ಮತ್ತೆ ಇಂಪೋರ್ಟ್ ಮಾಡಿದ್ದರೆ ಆ ಹೆಸರುಗಳನ್ನು ನೀವೇ ತಿದ್ದಬೇಕಾಗುತ್ತದೆ.

ಸ್ಲೈಡ್‌ನ ಸ್ಕ್ರೀನ್‌ಶಾಟ್‌ಗಳನ್ನು ಇದಕ್ಕೆ ಅಂಟಿಸಬೇಡಿ. ಅವು ಸ್ಟೇಜಿಂಗ್‌ನವು, ಇನ್ನೂ ಬಿಡುಗಡೆ ಆಗದ ಮೆನುಗಳು ಪಕ್ಕದಲ್ಲೇ ಇಣುಕುತ್ತಿರುತ್ತವೆ, ಕೆಲವೊಮ್ಮೆ ನಿಜವಾದ ಗ್ರಾಹಕರ ಹೆಸರೂ ಇರುತ್ತದೆ. ಬಿಡುಗಡೆಯ ಬಿಲ್ಡ್‌ನಲ್ಲಿ ಮಾದರಿ ಖಾತೆ ಇಟ್ಟುಕೊಂಡು ಹೊಸದಾಗಿ ತೆಗೆಯಿರಿ.

ಇನ್ನೊಬ್ಬರು ಡ್ಯಾಶ್‌ಬೋರ್ಡ್ ಎಲ್ಲಿ ಹೋಯಿತು ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಗಿಟ್‌ನಲ್ಲಿ ಹುಡುಕಿದರೆ ಅದು 4.8.0ರಲ್ಲಿ ಇದೆ, ಕೋಡ್ ಪೂರ್ತಿ ಸೇರಿದೆ. ಆದರೆ ಅದು ಫೀಚರ್ ಫ್ಲ್ಯಾಗ್ ಹಿಂದೆ ಇದೆ, ಆಯ್ದ ಕೆಲವು ಖಾತೆಗಳಿಗೆ ಮಾತ್ರ ತೆರೆದಿದೆ. ಎಲ್ಲರಿಗೂ ಹೋಗುವ ನೋಟ್ಸ್‌ನಲ್ಲಿ ಅದನ್ನು ಬರೆದರೆ ಕಾಣದವರೆಲ್ಲ ಹುಡುಕುತ್ತಾ ಕೂರುತ್ತಾರೆ. ಕಾಣುವ ಆ ಕೆಲವರಿಗೆ ಬೇರೆಯಾಗಿ ಪತ್ರ ಕಳಿಸಿ. ಕಷ್ಟ ಇರುವುದು ಆಮೇಲೆ: ಫ್ಲ್ಯಾಗನ್ನು ಎಲ್ಲರಿಗೂ ತೆರೆದ ದಿನ ಸಾಮಾನ್ಯವಾಗಿ ಯಾವ ಕಮಿಟ್ಟೂ ಆಗುವುದಿಲ್ಲ, ಯಾರೋ ಒಂದು ಸ್ವಿಚ್ ಒತ್ತುತ್ತಾರೆ. ಆ ವಾರದ ಡೆಮೊದಲ್ಲೂ ಅದು ಬರುವುದಿಲ್ಲ, ಯಾಕೆಂದರೆ ತೋರಿಸಿ ಆಗಿದೆ. ಮೇಲಿನ ಗಿಟ್ ಕಮಾಂಡ್‌ಗೂ ಸಿಗುವುದಿಲ್ಲ. ಹಾಗಾಗಿ ಗ್ರಾಹಕರಿಗೆ ದೊಡ್ಡ ಫೀಚರ್ ಬಂದ ದಿನವೇ ಅದರ ಬಗ್ಗೆ ಒಂದು ಸಾಲೂ ಇಲ್ಲದೆ ಹೋಗಬಹುದು. ಇದಕ್ಕೆ ನಾನು ಕಂಡ ದಾರಿ, ಪ್ರತಿ ನೋಟ್ಸ್ ಮಾಡುವಾಗ ಹೀಗೆ ತಡೆಹಿಡಿದ ಸ್ಲೈಡ್‌ಗಳನ್ನು ಫ್ಲ್ಯಾಗ್‌ನ ಹೆಸರಿನ ಜೊತೆ ಒಂದು ಪಟ್ಟಿಯಲ್ಲಿ ಇಡುವುದು, ಸಾಲನ್ನೂ ಆಗಲೇ ಬರೆದಿಡುವುದು, ಫ್ಲ್ಯಾಗ್ ತೆರೆಯುವ ಕೆಲಸದ ಟಿಕೆಟ್‌ನಲ್ಲೇ "ನೋಟ್ಸ್ ಹೋಗಿದೆಯಾ" ಅಂತ ಒಂದು ಚೆಕ್‌ಬಾಕ್ಸ್ ಹಾಕಿಸುವುದು. ಸ್ವಿಚ್ ಒತ್ತುವವರು ನಿಮ್ಮ ಪಟ್ಟಿಯನ್ನು ನೋಡುವುದಿಲ್ಲ, ತಮ್ಮ ಟಿಕೆಟನ್ನು ನೋಡುತ್ತಾರೆ.